ಭೂಮಿ ತಿರುಗಲ್ಲ ಅಂದವರೂ ನಮ್ಮವರೇ

ಗಣಿ ಲಾರಿಗಳ ಕೆಂಪು ಧೂಳು ಊರ ಮೇಲೆಲ್ಲ ಕೂತಿದ್ದ ವರ್ಷಗಳವು. ನಾನು ಸಂಡೂರಿನ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು. ನಮ್ಮ ಹಳೆಯ ಗಣಿತ, ಖಗೋಳದ ಬಗ್ಗೆ ಮಕ್ಕಳಿಗೆ ಒಂದು ಪುಟ್ಟ ಪುಸ್ತಕ ಬರೆದಿದ್ದೆ, ಇದ್ದದ್ದನ್ನು ಇದ್ದ ಹಾಗೆ. ಅದನ್ನು ಅಚ್ಚು ಹಾಕಿಸಲು ಯಾರ ಹತ್ತಿರ ಹೋದರೂ ಒಂದು ತಕರಾರು ತಪ್ಪುತ್ತಿರಲಿಲ್ಲ.

೧. ಹಗ್ಗ

ಅಚ್ಚಿಗೆ ನೆರವು ಕೇಳಲು ಹೋದ ಹೊಸಪೇಟೆಯ ಒಂದು ಸಭೆಯಲ್ಲಿ, ಯಜ್ಞವೇದಿ ಅಳೆಯುತ್ತಿದ್ದವರ ಹಾಗೆ ಹಗ್ಗ ಎಳೆದು ತೋರಿಸಿದೆ. ಚೌಕದ ಕರ್ಣದ ಮೇಲೆ ಇನ್ನೊಂದು ಚೌಕ ಕಟ್ಟಿದರೆ ಅದರ ವಿಸ್ತೀರ್ಣ ಮೊದಲಿನದರ ಎರಡರಷ್ಟು.

ಅಧ್ಯಕ್ಷರು ಎದ್ದರು. “ಗ್ರೀಕರು ಇದನ್ನ ನಮ್ಮಿಂದ ಕದ್ದಾರ ಅಂತ ಹೇಳ್ರಿ.”

“ಬ್ಯಾಬಿಲೋನಿನ ಮಣ್ಣಿನ ಹಲಗೆಯೊಳಗ ಇದು ಇನ್ನೂ ಹಿಂದೇನ ಐತ್ರಿ. ಹಂಗಂದ್ರ ನಾವೂ ಕಳ್ಳರಾಗ್ತೀವಿ.”

ಮೈಕು ಬಂದ್ ಆಯಿತು. ಹಿಂದಿನ ಬೆಂಚಿಗೆ ಪಾಠ ಕೇಳಿಸಿದ ಗಂಟಲು ನನ್ನದು, ಬೀದಿಗೂ ಕೇಳುವ ಹಾಗೆ ಮುಗಿಸಿದೆ.

೨. ಸುಮಾರು

ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಮನೆಗೆ ಹೋಗಿ ವೃತ್ತದ ಲೆಕ್ಕ ಹೇಳಿದೆ. ನೂರಕ್ಕೆ ನಾಲ್ಕು ಕೂಡಿಸಿ, ಎಂಟರಿಂದ ಗುಣಿಸಿ, ಅರವತ್ತೆರಡು ಸಾವಿರ ಸೇರಿಸಿದರೆ ೬೨,೮೩೨. ವ್ಯಾಸ ಇಪ್ಪತ್ತು ಸಾವಿರವಾದರೆ ಪರಿಧಿ ಹೆಚ್ಚುಕಡಿಮೆ ಅಷ್ಟು. ಭಾಗಿಸಿದರೆ ೩.೧೪೧೬. ಈ ಲೆಕ್ಕ ಹೇಳಿದ ಹಳೆಯ ಪಂಡಿತರೇ ಇದನ್ನು ‘ಆಸನ್ನ’, ಅಂದರೆ ಹತ್ತಿರದ್ದು, ಅಂದಿದ್ದಾರೆ.

ಸಾಹುಕಾರರಿಗೆ ಮುಜುಗರ. “ಸುಮಾರು ಅಂದ್ರ ಮರ್ಯಾದಿ ಹೋಗ್ತೈತ್ರಿ. ಪಕ್ಕಾ ಅಂತ ಬರೀರಿ, ಅಚ್ಚು ಹಾಕಿಸ್ತೀನಿ.”

“ಹೇಳಿದವ್ರಿಗೇ ನಾಚಿಕಿ ಆಗಿಲ್ಲ, ನಿಮಗ್ಯಾಕ್ರಿ?” ಅಂದೆ. ತರಿಸಿದ್ದ ಚಹಾವೂ ಒಳಗೇ ಉಳಿಯಿತು.

೩. ಭೂಮಿಗೆ ರಜೆ

ಕೊನೆಗೆ ಸಂಡೂರಿನ ಗಣಿ ಧಣಿಯೊಬ್ಬರು ಒಪ್ಪಿದರು. ಆದರೆ ಮೊದಲ ಪುಟದಲ್ಲಿ ‘ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು’ ಅಂತ ಇರಲೇಬೇಕಂತೆ. ನನಗೆ ಮೈ ಉರಿಯಿತು. ಆ ಒಂದು ಸಾಲಿನಿಂದ ಮಕ್ಕಳು ಉಳಿದದ್ದನ್ನೂ ನಂಬದೆ ಹೋದರೆ?

“ಆ ಮಾತು ನೀವೇ ಬಂದು ನನ್ನ ಕ್ಲಾಸಿನ್ಯಾಗ ಹೇಳ್ರಿ. ಮಕ್ಕಳು ಒಪ್ಪಿದ್ರ ಬರೀತೀನಿ.”

ಶಾಲು ಹೊದ್ದು ಬಂದರು, ಹೇಳಿದರು. ಕ್ಲಾಸಿನಲ್ಲಿ ಭೂಮಿ ತಿರುಗುವ ಪಾಠ ಆಗಷ್ಟೇ ಮುಗಿದಿತ್ತು. ಹರಿಗೋಲಲ್ಲಿ ಕೂತವರಿಗೆ ದಡ ಹಿಂದೆ ಸರಿದಂತೆ ಕಾಣುತ್ತದಲ್ಲ, ಹಾಗೆಯೇ ಭೂಮಿ ತಿರುಗುವುದರಿಂದ ನಿಂತ ನಕ್ಷತ್ರಗಳು ಪಡುವಣಕ್ಕೆ ಸರಿದಂತೆ ಕಾಣುತ್ತವೆ ಅಂದಿದ್ದರು ನಮ್ಮ ಹಳೆಯ ಪಂಡಿತರೊಬ್ಬರು. ಭೂಮಿ ತಿರುಗಿದರೆ ಎತ್ತರದ್ದೆಲ್ಲ ಯಾಕೆ ಬೀಳುವುದಿಲ್ಲ ಅಂತ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬಂದ ಇನ್ನೊಬ್ಬ ದೊಡ್ಡ ಪಂಡಿತರು ಅದನ್ನು ತಳ್ಳಿಹಾಕಿದ್ದರು.

ಒಂದು ಹುಡುಗಿ ಎದ್ದಳು. “ಸಾಹುಕಾರ್ರಿ, ತಿರುಗ್ತೈತಿ ಅಂದೋರೂ ನಮ್ಮೋರು, ಇಲ್ಲ ಅಂದೋರೂ ನಮ್ಮೋರು. ಯಾರಿಗೆ ಗೊತ್ತಿತ್ರಿ?”

ಧಣಿ ನನ್ನ ಕಡೆ ನೋಡಿದರು. ನಾನು ಕಿಟಕಿ ಕಡೆ ನೋಡಿದೆ.

“ಇಬ್ರಿಗೂ ಗೊತ್ತಿತ್ತವ್ವ. ಇಬ್ರದೂ ಖರೇನ,” ಅಂದರು ಧಣಿ.

“ಹಂಗಂದ್ರ ಭೂಮಿ ದಿನ ಬಿಟ್ಟು ದಿನ ರಜಾ ತಗೋತೈತೇನ್ರಿ?”

ಇಡೀ ಕ್ಲಾಸು ನಕ್ಕಿತು. ಧಣಿ ಬೆವರು ಒರೆಸಿಕೊಂಡು ಹೊರಗೆ ಬಂದು ನನ್ನ ತೋಳು ಹಿಡಿದರು.

“ಮೇಷ್ಟ್ರೇ, ಆ ಸಾಲು ಬ್ಯಾಡ್ರಿ. ಪುಸ್ತಕ ಇದ್ದಂಗ ಅಚ್ಚಾಗ್ಲಿ, ಖರ್ಚು ನಂದು. ಆದ್ರ ಬಿಡುಗಡಿಗೆ ನನ್ನ ಕರೀಬ್ಯಾಡ್ರಿ, ಆ ಹುಡುಗಿ ಬರ್ತಾಳ.”