ಪುಸ್ತಕದಲ್ಲಿಲ್ಲದ ಮಾವಶಿ

ಇಡೀ ಮಿರಜದ ಫೋನ್ ನಂಬರು ಬಾಯಿಪಾಠ ಇದ್ದು, ತನ್ನ ನಂಬರನ್ನು ಮಾತ್ರ ಯಾರಿಗೂ ಕೊಡದ ಹೆಂಗಸೊಬ್ಬಳಿದ್ದಳು ಎಂದರೆ ನಂಬುತ್ತೀರಾ? ಬೇಡ ಬಿಡಿ. ಅವಳ ಮನೆಯಲ್ಲೇ ನಾಲ್ಕು ವರ್ಷ ಇದ್ದ ನನಗೇ ಅದು ಕನಸೇನೋ ಅನ್ನಿಸುತ್ತದೆ. ಅವಳು ನನ್ನ ಮಾವಶಿ, ಅವ್ವನ ತಂಗಿ. ಟೆಲಿಫೋನ್ ಆಫೀಸಿನಲ್ಲಿ, ಕೇಳಿದವರಿಗೆ ನಂಬರು ಹುಡುಕಿ ಹೇಳುವ ವಿಚಾರಣೆ ವಿಭಾಗದ ಆಪರೇಟರ್.

ಅವಳಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಸಂತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ, "ಯಾರ ಇವರು? ಹಾಂ, ಎರಡ ಸೊನ್ನಿಯವರು! ಹೋದ ತಿಂಗಳ ಮನಿ ಬದಲಿ ಮಾಡ್ಯಾರ" ಎನ್ನುತ್ತಿದ್ದಳು. ಮಧ್ಯಾಹ್ನ ಕಣ್ಣು ಹತ್ತಿದರೆ ನಿದ್ದೆಯಲ್ಲೇ ಪಾಟೀಲರನ್ನು ಅಕಾರಾದಿಯಾಗಿ ಕರೆಯುತ್ತಿದ್ದಳು. ಆ ಗುನುಗು ಕೇಳುತ್ತ ನನಗೂ ತೂಕಡಿಕೆ. ಪಾಟೀಲರೇನು ಒಬ್ಬಿಬ್ಬರೇ? ಅವರು ಮುಗಿಯುವಷ್ಟರಲ್ಲಿ ಸಂಜೆಯ ಚಹಾ!

ಅವಳ ಪ್ರಕಾರ ಡೈರೆಕ್ಟರಿ ಎಂದರೆ ಊರಿನ ಜಾತಕ. ಒಬ್ಬೊಬ್ಬ ಗ್ರಾಹಕನಿಗೂ ಒಂದೊಂದು ಕಾರ್ಡು. ಹೊಸ ಫೋನು ಬಂತು, ಮನೆ ಬದಲಾಯಿತು, ಫೋನು ಬಂದ್ ಆಯಿತು, ಎಲ್ಲದಕ್ಕೂ ಚೀಟಿ ಬರುತ್ತಿತ್ತು. ಚೀಟಿ ನೋಡಿ ಕಾರ್ಡು ತಿದ್ದಬೇಕು, ವಿಚಾರಣೆಯ ಬಿಡಿಹಾಳೆಗಳ ಯಾದಿಯನ್ನೂ ತಿದ್ದಬೇಕು. ಒಂದು ಗಡುವಿನ ದಿನ ಕಾರ್ಡುಗಳನ್ನೆಲ್ಲ ಅಡ್ಡಹೆಸರು, ಹೆಸರು, ವಿಳಾಸದ ಕ್ರಮದಲ್ಲಿ ಜೋಡಿಸಿ ಅಚ್ಚಿಗೆ ಕಳಿಸುವುದು. ಪುಸ್ತಕ ಮನೆಗೆ ಬರುವಷ್ಟರಲ್ಲಿ ಅದು ಹಳತಾಗಿರುತ್ತಿತ್ತು. ಅದಕ್ಕೇ ವಿಚಾರಣೆ, ಅದಕ್ಕೇ ಮಾವಶಿ.

ಇನ್ನು ಕೆಲವರು ಪುಸ್ತಕದಲ್ಲಿ ಬೇಡವೇ ಬೇಡ ಎನ್ನುವವರು. ಊಟಕ್ಕೂ ಬಿಡದ ರೋಗಿಗಳಿಂದ ಬೇಸತ್ತ ಡಾಕ್ಟರರು, ಯಾರೋ ಫೋನ್ ಮಾಡಿ ಪೀಡಿಸುವ ಹುಡುಗಿಯರ ಮನೆಯವರು. ಅಂಥವರು ಲಿಖಿತ ಅರ್ಜಿ ಕೊಟ್ಟರೆ ಕಾರ್ಡಿನ ಮೂಲೆಗೆ ಕೆಂಪು ಗೆರೆ. ಫೋನು ನಡೆಯುತ್ತದೆ, ಬಿಲ್ಲೂ ಬರುತ್ತದೆ. ಆದರೆ ಅಚ್ಚಿಗೆ ಹೆಸರು ಹೋಗದು, ವಿಚಾರಣೆಯವರು ಜಪ್ಪಯ್ಯ ಎಂದರೂ ನಂಬರು ಹೇಳರು.

ಮಾವಶಿಯ ಕಾರ್ಡಿಗೂ ಕೆಂಪು ಗೆರೆ ಇತ್ತು! ಕಾರಣ, ಲಿಂಗನೂರಿನ ನನ್ನ ಅಜ್ಜ, ಅವಳ ಅಪ್ಪ. ಆತ ಗೊತ್ತುಮಾಡಿದ್ದ ಲಗ್ನ ಬಿಟ್ಟು ಇವಳು ನೌಕರಿಗೆ ಸೇರಿದಾಗ ಆತ ಗುಡುಗಿದ್ದನಂತೆ: "ಇನ್ನ ಮ್ಯಾಲೆ ನಿನ್ನ ಹೆಸರ ನನ್ನ ಕಣ್ಣಿಗೆ ಬೀಳಬಾರ್ದು!" ಮಾವಶಿ ಅದನ್ನು ಅಕ್ಷರಶಃ ಪಾಲಿಸಿದಳು. ಮನೆಗೆ ಫೋನ್ ಬಂದ ದಿನವೇ ಅರ್ಜಿ ಬರೆದಳು. ಎಂಥ ಆಜ್ಞಾಧಾರಕ ಮಗಳು!

ಅಜ್ಜನೇನು ಕಡಿಮೆಯೇ? ನಾನು ಊರಿಗೆ ಹೋದ ಭಾನುವಾರಗಳಲ್ಲಿ ನನ್ನನ್ನು ಪೋಸ್ಟ್ ಮಾಸ್ತರರ ಮನೆಯಲ್ಲೇ ಇದ್ದ ಪೋಸ್ಟಿನ ಫೋನಿಗೆ ಎಳೆದೊಯ್ದು ವಿಚಾರಣೆಗೆ ಹಚ್ಚಿಸುತ್ತಿದ್ದ. ಬೇರೆ ದನಿ ಕೇಳಿದರೆ ಪಟ್ಟನೆ ಇಡುತ್ತಿದ್ದ. ಮಾವಶಿಯೇ ಎತ್ತಿದರೆ ಗಂಟಲು ಸರಿಮಾಡಿಕೊಂಡು ಮಗಳ ಪೂರ್ಣ ಹೆಸರು ಹೇಳಿ ನಂಬರು ಕೇಳುತ್ತಿದ್ದ.

"ಗ್ರಾಹಕರ ಅರ್ಜಿ ಐತ್ರಿ, ನಂಬರ ಹೇಳಾಕ ಬರೂದಿಲ್ರಿ."

"ಇರ‍್ಲಿ. ಆರಾಮ ಅದಾರೇನ ಆ ಗ್ರಾಹಕರು?"

"ಅಂಥಾ ಮಾಹಿತಿ ನಾವು ಕೊಡೂದಿಲ್ರಿ," ಎನ್ನುತ್ತಿದ್ದಳು ಮಾವಶಿ, ಆದರೆ ಫೋನಿಡುತ್ತಿರಲಿಲ್ಲ. ಅಜ್ಜನೂ ಇಡುತ್ತಿರಲಿಲ್ಲ. ತಂತಿಯಲ್ಲಿ ಗಾಳಿಯ ಸದ್ದಷ್ಟೇ.

"ಅಜ್ಜಾ, ನಂಬರ ನಾ ಹೇಳ್ಲೇನ?" ಎಂದು ಒಮ್ಮೆ ಕೇಳಿದೆ.

"ಬಾಯಿ ಮುಚ್ಚ! ಅಕಿ ಕೊಡಬೇಕು, ನೀ ಅಲ್ಲ."

ಆಗಲೇ ಸಾಂಗಲಿ, ಮಿರಜ, ಕುಪವಾಡ ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ನಮ್ಮ ಟೆಲಿಫೋನಿನವರೂ ಮೂರೂ ಊರಿನ ಯಾದಿ ಕೂಡಿಸಿದರು. ಸಾಂಗಲಿಯ ಪಾಟೀಲರ ನಡುವೆ ಮಿರಜದ ಪಾಟೀಲರು! ಮಾವಶಿಗೆ ನಿದ್ದೆಯಲ್ಲೂ ಗೊಂದಲ. ವಿಚಾರಣೆ ಸಾಂಗಲಿಯ ಕಂಪ್ಯೂಟರಿಗೆ ಹೋಯಿತು, ಮಾವಶಿಯನ್ನು ಹೊಸ ಡೈರೆಕ್ಟರಿಯ ಕರಡು ತಿದ್ದಲು ಕೂರಿಸಿದರು. ಅಜ್ಜನಿಗೆ ಈಗ ಪ್ರತಿ ಸಲವೂ ಬೇರೆ ದನಿ. ಮೂರು ಭಾನುವಾರ ಫೋನಿಟ್ಟವನು ನಾಲ್ಕನೆಯದಕ್ಕೆ, "ಅಕಿ ಎಲ್ಲಿ ಹೋದ್ಳ?" ಎಂದು ನನ್ನನ್ನೇ ಕೇಳಿದ. ಆ ಮುಖ ನೋಡಿ ನನಗೆ ಅಳು ಬಂತು. ಮಿರಜಕ್ಕೆ ಬಂದು ಮಾವಶಿಗೆ ಹೇಳಿದೆ. ಅವಳು ಅಂದು ಊಟ ಮಾಡಲಿಲ್ಲ.

ಕರಡಿನಲ್ಲಿ ಒಂದು ಎಡವಟ್ಟು ಆಗಿತ್ತು. ಕಾರ್ಡು ನೋಡಿ ಟೈಪು ಮಾಡಿದವರು ಅಕ್ಷರಗಳನ್ನೆಲ್ಲ ಇಳಿಸಿದ್ದರು, ಆದರೆ ಕೆಂಪು ಗೆರೆಯನ್ನು ಹೇಗೆ ಟೈಪು ಮಾಡುವುದು? ಡಾಕ್ಟರರು, ಹುಡುಗಿಯರ ಮನೆಯವರು, ಎಲ್ಲರೂ ಬಟಾಬಯಲು! ಮಾವಶಿ ಹಳೆಯ ಕಾರ್ಡುಗಳನ್ನು ತರಿಸಿ ಒಬ್ಬೊಬ್ಬರನ್ನೇ ಹೊಡೆದುಹಾಕಿದಳು. ಕೊನೆಗೆ ತನ್ನದೇ ಸಾಲು. ಸುಮ್ಮನೆ ಬಿಟ್ಟಿದ್ದರೆ ಅಚ್ಚಾಗುತ್ತಿತ್ತು. ಯಾರಿಗೆ ತಿಳಿಯುತ್ತಿತ್ತು?

ಬಿಡಲಿಲ್ಲ ಪುಣ್ಯಾತ್ಗಿತ್ತಿ! ನಿಯಮದಂತೆ ಅದನ್ನೂ ಹೊಡೆದುಹಾಕಿದಳು. ಆಮೇಲೆ ಬಿಳಿ ಹಾಳೆ ತೆಗೆದು, ಗಡುವು ಮುಗಿಯುವ ಮೊದಲು, ತನ್ನದೇ ಆಫೀಸಿಗೆ ಅರ್ಜಿ ಬರೆದಳು: ಹಿಂದಿನ ವಿನಂತಿಯನ್ನು ಹಿಂಪಡೆದಿದ್ದೇನೆ, ನನ್ನ ಹೆಸರು ಪ್ರಕಟಿಸಬೇಕು.

ಮಾವಶಿಯ ಹೆಸರು ಅಚ್ಚಾದ ಹೊಸ ಪುಸ್ತಕ ಹಳ್ಳಿಗಳ ಪೋಸ್ಟಿಗೂ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ಮನೆಯ ಫೋನು ರಿಂಗಾಯಿತು. ಮಾವಶಿ ಎತ್ತಿದಳು. ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಅಜ್ಜ ಮಗಳ ಪೂರ್ಣ ಹೆಸರು ಹೇಳಿದ. "ಅವರ ನಂಬರ ಬೇಕಾಗಿತ್ರಿ," ಎಂದ. ಅದೇ ನಂಬರಿಗೆ ಫೋನ್ ಮಾಡಿ!

ಮಾವಶಿ ಒಂದೊಂದೇ ಅಂಕಿ ಹೇಳಿದಳು. ನಾಲ್ಕನೆಯದಕ್ಕೆ ಅವಳ ದನಿ ಒಡೆಯಿತು. "ಬರ‍್ಕೊಂಡ್ರೇನ, ಅಪ್ಪಾ?"

"ಪೆನ್ಸಿಲ್ ಇಲ್ಲವ್ವಾ ನನ್ನ ಹಂತ್ಯಾಕ," ಎಂದ ಅಜ್ಜ. "ಇನ್ನೊಮ್ಮೆ ಹೇಳು."

ಅವಳು ಮತ್ತೆ ಮೊದಲಿನಿಂದ ಹೇಳಿದಳು.