ಕಂಡಕ್ಟರನ ಮೊದಲ ಕ್ಯಾಸೆಟ್ಟು

ಟಿಕೆಟ್ ಹರಿಯುವ ಮನುಷ್ಯ ಹಾಡು ಕಟ್ಟುತ್ತೇನೆ ಅಂದರೆ ಜನ ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ಚರ್ಮದ ಚೀಲ ನೋಡುತ್ತಾರೆ, ಆಮೇಲೆ ನಗುತ್ತಾರೆ. ಎಂಬತ್ತರ ದಶಕದಲ್ಲಿ ರಾಯಚೂರು, ದೇವದುರ್ಗ, ಮಾನವಿ ದಾರಿಗಳಲ್ಲಿ ಸೀಟಿ ಊದಿಕೊಂಡಿದ್ದ ನಾನು ಒಂದು ಕ್ಯಾಸೆಟ್ಟು ಮಾಡಲು ಹೊರಟಾಗ ಹೀಗೆ ನಕ್ಕವರ ಲೆಕ್ಕ ಇಟ್ಟಿಲ್ಲ. ಇಡಬೇಕಾಗಿಯೂ ಇರಲಿಲ್ಲ, ನಗಿಸುವ ಕೆಲಸವನ್ನು ನಾವೇ ಸಾಕಷ್ಟು ಮಾಡಿಕೊಂಡೆವು.

ಕ್ಯಾಸೆಟ್ಟೋ ಟೈಂಟೇಬಲ್ಲೋ

ನನ್ನ ಗೆಳೆಯನೊಬ್ಬ ರಾಯಚೂರಿನ ಶಾಲೆಯಲ್ಲಿ ಲೆಕ್ಕದ ಮಾಸ್ತರ. ಭಾನುವಾರ ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದ. ನಮ್ಮ ಕಡೆಯ ಹಳ್ಳಿ ಹಾಡಿನ ಧಾಟಿಗೆ ಅವನ ಗಿಟಾರು, ಒಂದು ಪುಟ್ಟ ಕೀಬೋರ್ಡು ಸೇರಿಸಿ ಹೊಸ ನಮೂನೆಯ ಹಾಡು ಮಾಡಬೇಕು ಅಂತ ನನ್ನ ಆಸೆ. ಬರೆದಿದ್ದ ಎಂಟು ಹಾಡುಗಳನ್ನು ಅವನ ಮುಂದೆ ಹರವಿದೆ. ಒಂದು ಪ್ರೀತಿಯದು, ಒಂದು ದೇಶದ್ದು, ಒಂದು ದೇವರದ್ದು, ಒಂದು ಕುಡಿತ ಬಿಡಿ ಅನ್ನುವುದು.

"ಲೇ, ಕ್ಯಾಸೆಟ್ಟು ಅಂದ್ರ ಗೋಣಿಚೀಲ ಅಲ್ಲ, ಸಿಕ್ಕಿದ್ದೆಲ್ಲ ತುಂಬಾಕ" ಅಂದ. "ಒಂದು ಮಗ್ಗಲಿಗೆ ಅರ್ಧ ತಾಸು. ಅದು ಮುಗಿದ ಮ್ಯಾಲೆ ಕೇಳೋ ಮನುಷ್ಯಾ ಎದ್ದು ಬಂದು ತಿರುವಿ ಹಾಕಬೇಕು. ಯಾಕ ಎದ್ದು ಬರ್ತಾನ? ಒಂದು ಹಾಡಿಗೂ ಮುಂದಿನ ಹಾಡಿಗೂ ಏನಾರ ಸಂಬಂಧ ಇರಬೇಕಲ್ಲ?"

ಒಂದು ವಾರ ಯೋಚಿಸಿ ಹೋದೆ. "ಮೊದಲನೇ ಮಗ್ಗಲು, ರಾಯಚೂರಿನಿಂದ ದೇವದುರ್ಗಕ್ಕ ಹೋಗೋದು. ಒಂದೊಂದು ಸ್ಟಾಪಿಗೆ ಒಂದೊಂದು ಹಾಡು. ಎರಡನೇ ಮಗ್ಗಲು, ವಾಪಸ್ ಬರೋದು" ಅಂದೆ.

"ಇದು ಕ್ಯಾಸೆಟ್ಟೋ ಟೈಂಟೇಬಲ್ಲೋ?" ಅಂದ ಮಾಸ್ತರ. ಆದರೂ ಆಮೇಲೆ ಅವನೇ, "ಬಸ್ಸು ಬಿಡು. ಬಸ್ಸಿನಾಗ ಕುಂತೋರನ್ನ ತಗೋ" ಅಂದ.

ಆಗ ನನಗೆ ದೇವದುರ್ಗದ ಕಡೆಯ ಜಾಲಹಳ್ಳಿಯ ಅಜ್ಜಿ ನೆನಪಾದಳು. ನನ್ನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಊರು ಬರುವತನಕ ಬೀಸುವ ಹಾಡು ಗುನುಗುವ ಅಜ್ಜಿ. ಹಾಡುಗಳನ್ನು ಪೋಣಿಸುವ ದಾರ ಸಿಕ್ಕಿತು: ಒಬ್ಬ ಹೆಣ್ಣುಮಗಳ ಒಂದು ದಿನ. ನಸುಕಿನಲ್ಲಿ ಬೀಸುಕಲ್ಲಿನಿಂದ ಶುರು, ಹೊಲದ ಕಳೆಗೆ ಹೋಗಿ ಬರುವಷ್ಟರಲ್ಲಿ ಮೊದಲನೇ ಮಗ್ಗಲು ಮುಗಿಯಬೇಕು. ಸಂಜೆಯಿಂದ ಎರಡನೆಯದು, ಕೊನೆಗೆ ತೊಟ್ಟಿಲ ಹಾಡು. ಮಾಸ್ತರ ಕೈ ಕುಲುಕಿದ.

ಮರುದಿನ ನಮ್ಮ ಡ್ರೈವರಿಗೆ ಎಲ್ಲ ವಿವರಿಸಿದೆ. ಅವರಿಗೆ ನಾನು ಮೊದಲು ಹೇಳಿದ್ದ ಬಸ್ಸಿನ ಯೋಚನೆಯೇ ಹಿಡಿಸಿತ್ತು. "ಎರಡನೇ ಮಗ್ಗಲ ಪಂಕ್ಚರ್ ಹಾಡಿಗೆ ನಾ ಧಾಟಿ ಹಾಕಿ ಇಟ್ಟಿದ್ನಲ್ರೀ!" ಅಂತ ಸಿಟ್ಟಾಗಿ ಮಾನವಿ ಮುಟ್ಟುವತನಕ ನನ್ನ ಜೊತೆ ಮಾತು ಬಿಟ್ಟರು.

ಸೆಲ್ಲಿನ ಮಹಿಮೆ

ರಜೆ ಹಾಕಿ ಜಾಲಹಳ್ಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದೆ. ಅವತ್ತು ಕರೆಂಟು ಇರಲಿಲ್ಲ, ಸೆಲ್ಲು ಹಾಕಿ ಅಜ್ಜಿಯ ಏಳು ಹಾಡು ತುಂಬಿಕೊಂಡೆ. ಸೆಲ್ಲು ಹಳೆಯವು. ಬಿಸಿಲಿಗೆ ಇಟ್ಟು ಒಂದಷ್ಟು ಜೀವ ಬರಿಸಿಕೊಂಡಿದ್ದೆ.

ರಾಯಚೂರಿನಲ್ಲಿ ಕರೆಂಟಿಗೆ ಹಚ್ಚಿ ಹಾಡಿಸಿದಾಗ ಮಾಸ್ತರ ಬೆರಗಾದ. "ಅಜ್ಜಿ ಅಂದಿ, ಐದನೇ ಇಯತ್ತೆ ಹುಡುಗಿ ಇದ್ದಂಗ ಅದಲ್ಲೋ ದನಿ!" ನನಗೂ ಆಶ್ಚರ್ಯವೇ. ಹಳ್ಳಿ ಹೆಂಗಸರ ಕಂಠ ಮೈಕಿನಲ್ಲಿ ಹೀಗೆ ಎಳೆಯದಾಗುತ್ತೇನೋ ಅಂದುಕೊಂಡೆ. ಅವನು ಗಿಟಾರಿನ ಕುತ್ತಿಗೆಗೆ ಕ್ಲಿಪ್ಪು ಬಿಗಿದು ಆ ಎತ್ತರಕ್ಕೆ ಶ್ರುತಿ ಏರಿಸಿಕೊಂಡ. ಮೂರು ವಾರ ಕೂತು ಎಲ್ಲ ಹಾಡಿಗೂ ಹಿನ್ನೆಲೆ ಕಟ್ಟಿದ.

ಅಜ್ಜಿಯನ್ನು ರಾಯಚೂರಿಗೆ, ಮಾಸ್ತರನ ಮನೆಗೆ ಕರೆತಂದು ಹಾಡಿಸಿದರೆ ದನಿ ಎರಡು ಸ್ವರ ಕೆಳಗೆ, ಓಟವೂ ನಿಧಾನ. ಮಾಸ್ತರನಿಗೆ ಆಗ ಹೊಳೆಯಿತು. ಸೋತ ಸೆಲ್ಲಿಗೆ ಟೇಪು ನಿಧಾನ ಓಡಿ ಹಾಡು ತುಂಬಿಕೊಂಡಿದೆ. ಕರೆಂಟಿನಲ್ಲಿ ಸರಿಯಾದ ಓಟಕ್ಕೆ ಬಂದಾಗ ಹಾಡು ಓಡಿದೆ, ದನಿ ಏರಿದೆ. ಮೂರು ವಾರದ ಕೆಲಸ ಹಳ್ಳ ಹಿಡಿಯಿತು.

ತಪ್ಪು ಒಪ್ಪಿಕೊಳ್ಳೋಣ ಅಂತ ಅಜ್ಜಿಗೆ ಆ ಟೇಪು ಕೇಳಿಸಿದೆ. ಅಜ್ಜಿ ಕಿವಿಗೊಟ್ಟು ಕೇಳಿದಳು.

"ಯಪ್ಪಾ, ಈ ಹುಡುಗಿ ನನ್ನ ಹಾಡೆಲ್ಲ ಕಲ್ತಾಳಲ್ಲ!"

"ಅಜ್ಜೀ, ಅದು..."

"ಏನು ಕಂಠ ಅದು! ಯಾವೂರಾಕಿ? ನಮ್ಮ ಮೊಮ್ಮಗಗ ಹೆಣ್ಣು ನೋಡಾಕತ್ತೀವಿ, ವಿಳಾಸ ಕೊಡು."

ಉಸಿರಿಲ್ಲದ ಪೆಟ್ಟಿಗೆ

ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ತಾಳ ತಾನೇ ಬರುತ್ತಿತ್ತು. ಹೊಸ ನಮೂನೆ ಅಂದರೆ ಇದೇ ಅಂತ ನಾನು ಹಿಗ್ಗಿದ್ದೆ. ಅಜ್ಜಿ ಹಾಡಿದಳು, ಪೆಟ್ಟಿಗೆ ಬಡಿಯಿತು. ಎರಡನೇ ಸಾಲಿಗೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಬೀಸುವ ಹಾಡಿನಲ್ಲಿ ಸಾಲು ಮುಗಿದಾಗ ಉಸಿರು ತಗೊಳ್ಳಬೇಕು, ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ.

"ಯಪ್ಪಾ, ಅದಕ ದಮ್ಮು ಹತ್ತಂಗಿಲ್ಲೇನು?" ಅಂದಳು ಅಜ್ಜಿ.

ಮಾಸ್ತರ ಪೆಟ್ಟಿಗೆ ಬಂದ್ ಮಾಡಿ ಗಿಟಾರಿನಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಯುವ ಸ್ವರಗುಚ್ಛ ಹಾಕಿದ. ಐದೇ ಸ್ವರದಲ್ಲಿ ಸುತ್ತುವ ಧಾಟಿ ಅದು. ಅವನು ಚರ್ಚಿನ ರೂಢಿಯಂತೆ ಸಾಲಿಗೆ ಮೂರು ಸಲ ಗುಚ್ಛ ಬದಲಿಸಿದ. ಅರ್ಧಕ್ಕೇ ಅಜ್ಜಿ ಹಾಡು ನಿಲ್ಲಿಸಿ ತಲೆ ತುಂಬ ಸೆರಗು ಹೊದ್ದು ಕೈ ಮುಗಿದು ಕೂತಳು. "ಪ್ರಾರ್ಥನಾ ಮುಗೀಲಿ, ಆಮ್ಯಾಲೆ ಹಾಡ್ತೀನಿ" ಅಂದಳು.

ಮಾಸ್ತರ ನಕ್ಕ, ಆದರೆ ಅರ್ಥ ಮಾಡಿಕೊಂಡ. ಗುಚ್ಛ ಎಲ್ಲ ಬಿಟ್ಟು ಎರಡು ತಂತಿ ಮಾತ್ರ ತಂಬೂರಿಯ ಹಾಗೆ ಮಿಡಿದ. ಅಜ್ಜಿ ಉಸಿರು ತಗೊಂಡಾಗ ಅವನ ಬೆರಳೂ ನಿಂತಿತು. ಹಾಡು ಎದ್ದು ನಿಂತಿತು. ತಾಳಕ್ಕೆ ಏನು ಮಾಡೋಣ ಅಂದರೆ ಅಜ್ಜಿಯೇ, "ಕಲ್ಲು ತಂದು ಇಡ್ರಿ" ಅಂದಳು.

ಬೀಸುಕಲ್ಲು ಬಂತು, ಮೈಕು ಅದರ ಮಗ್ಗಲಿಗೆ ಕೂತಿತು. ಬರಿಗಲ್ಲು ತಿರುವಲು ಅಜ್ಜಿ ಒಪ್ಪಲಿಲ್ಲ. ಜೋಳ ಬೇಕು, ಇಲ್ಲದಿದ್ದರೆ ಕಲ್ಲು ಸವೆಯುತ್ತದೆ, ದನಿಯೂ ಬೇರೆ ಆಗುತ್ತದೆ ಅಂದಳು. ಹೌದು, ಬರಿಗಲ್ಲು ಕಿರುಗುಟ್ಟುತ್ತಿತ್ತು. ಜೋಳ ಬಿದ್ದ ಮೇಲೆ ಗುರ್ರ್ ಅಂತ ಗುಂಡಗಿನ ಸದ್ದು ಬಂತು. ಒಮ್ಮೆ ಹೊರಗೆ ಲಾರಿ ಹಾರ್ನು, ಒಮ್ಮೆ ನನ್ನ ಕೆಮ್ಮು. ಹನ್ನೊಂದನೇ ಸಲಕ್ಕೆ ಹಾಡು ಸರಿಬಂತು. ಕೇಳಿ ನೋಡಲು ಟೇಪು ಹಿಂದಕ್ಕೆ ತಿರುವುತ್ತಿದ್ದರೆ ಮಾಸ್ತರನ ಹೆಂಡತಿ ಒಳಗೆ ಬಂದು ಹಿಟ್ಟಿನ ರಾಶಿ ನೋಡಿದರು. "ಇನ್ನೊಂದು ಸಲ ತಪ್ಪಿ ಹಾಡ್ರಿ ಅಜ್ಜೀ, ಈ ತಿಂಗಳು ಗಿರಣಿಗೆ ಹೋಗೋದು ತಪ್ಪತದ."

ಹಲಗೆ ಎಲ್ಲಿ ನಿಲ್ಲಬೇಕು

ಕಳೆ ಕೀಳುವ ಹಾಡಿಗೆ ಹಲಗೆ, ಅಂದರೆ ತಮಟೆ, ಬೇಕಿತ್ತು. ದೇವದುರ್ಗದಿಂದ ಬಾರಿಸುವವರೊಬ್ಬರು ಬಂದರು. ಅಪ್ಪ ಅಜ್ಜ ಕೂಲಿ ಮಾಡಿ ಹಲಗೆ ಬಾರಿಸಿದವರು, ಇವರು ಓದಿ ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದರು. ಚರ್ಮ ಬಿಗಿಯಾಗಲು ಬೆಂಕಿ ಹಾಕಿಕೊಡಲೇ ಅಂದೆ. "ರಾಯಚೂರಾಗ ಬೆಂಕಿ ಯಾಕ್ರಿ? ಅಂಗಳದ ಬಿಸಿಲಾಗ ಇಟ್ರ ಸಾಕು" ಅಂದರು.

ಮಾಸ್ತರನ ಶಾಲೆಗೆ ಬೇಸಿಗೆ ರಜೆ, ಅಲ್ಲಿನ ದೊಡ್ಡ ಹಾಲೇ ನಮ್ಮ ರೆಕಾರ್ಡಿಂಗ್ ಜಾಗ. ಹಾಲಿನ ಕಿಟಕಿಗಳಿಗೆಲ್ಲ ಕೌದಿ ಕಟ್ಟಿದ್ದೆವು, ದನಿ ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ. ಸದ್ದು ಮಾಡುತ್ತದೆ ಅಂತ ಫ್ಯಾನೂ ಬಂದ್. ನಮ್ಮಲ್ಲಿದ್ದದ್ದು ಎರಡೇ ಮೈಕು, ಹಾಡು ತುಂಬಿಕೊಳ್ಳಲು ಒಂದು ಟೇಪ್ ಡೆಕ್ಕು. ಎಲ್ಲರೂ ಒಟ್ಟಿಗೆ ನುಡಿಸಬೇಕು, ಆಮೇಲೆ ಒಂದು ವಾದ್ಯ ಕಡಿಮೆ ಮಾಡುತ್ತೇನೆ ಅಂದರೆ ಆಗದು. ಯಾರ ಸದ್ದು ಎಷ್ಟು ಅನ್ನುವುದು ಅವರು ಮೈಕಿನಿಂದ ಎಷ್ಟು ದೂರ ನಿಂತಿದ್ದಾರೆ ಅನ್ನುವುದರ ಮೇಲೆ.

ಮೊದಲ ಏಟಿಗೇ ಡೆಕ್ಕಿನ ಮೇಲೆ ಸದ್ದು ಅಳೆಯುವ ಮುಳ್ಳು ಆ ತುದಿಗೆ ಹೋಗಿ ಬಡಿಯಿತು. "ಸ್ವಲ್ಪ ಹಿಂದ ಸರೀರಿ" ಅಂದೆ. ಸರಿದರು. ಇನ್ನೂ ಜೋರು. ಬಾಗಿಲಿಗೆ ಹೋದರು. ವರಾಂಡಕ್ಕೆ ಹೋದರು. ಬೇವಿನ ಗಿಡದ ಕೆಳಗೆ ಹೋದರು.

"ಇನ್ನ ಸ್ವಲ್ಪ" ಅಂತ ಕೂಗಿದೆ.

"ಇನ್ನ ಹಿಂದಕ್ಕ ಹೋದ್ರ ದೇವದುರ್ಗ ಬರ್ತದ್ರೀ!" ಅಂತ ಅವರೂ ಕೂಗಿದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಒಳಗೆ ಬಂದು ಹಲಗೆ ಗೋಡೆಗೆ ಒರಗಿಸಿದರು. "ನಮ್ಮವರನ್ನ ಹೊರಗ ನಿಂದ್ರಿಸಿ ಬಾರಿಸಾಕ ಹಚ್ಚೋದು ಹಳೇ ಪದ್ಧತಿ ಆತಲ್ರೀ. ನೀವು ಹೊಸಾ ಹಾಡು ಮಾಡಾಕತ್ತೀವಿ ಅಂದ್ರಿ, ಅದಕ ಬಂದೆ" ಅಂದರು. ಮೆಲ್ಲಗೇ ಅಂದರು.

ಮುಳ್ಳು ನೋಡುತ್ತ ಮನುಷ್ಯನನ್ನು ನೋಡುವುದೇ ಮರೆತಿದ್ದೆ. "ತಪ್ಪಾತ್ರಿ" ಅಂದೆ.

ಮತ್ತೆ ಎಲ್ಲ ಹೊಸದಾಗಿ ಜೋಡಿಸಿದೆವು. ಹಾಲಿನ ನಡುವೆ ಹಲಗೆಯವರು. ಅಜ್ಜಿಯ ಬಾಯಿಂದ ಒಂದು ಗೇಣು ದೂರದಲ್ಲಿ ಒಂದು ಮೈಕು, ಅದರ ಬೆನ್ನು ಹಲಗೆಯ ಕಡೆಗೆ. ಇನ್ನೊಂದು ಗಿಟಾರಿಗೆ. ಹಲಗೆಯ ಹಿಂಬದಿಗೆ ಮಡಿಸಿದ ಟವೆಲು. ಅವರು ದಪ್ಪ ಕೋಲು ಬಿಟ್ಟು ಬೆರಳಲ್ಲಿ ನುಡಿಸಿದರು. ಸದ್ದು ತಗ್ಗಿತು, ಆದರೆ ಎದೆಗೆ ಬಡಿಯುವುದು ತಗ್ಗಲಿಲ್ಲ. ಅಷ್ಟು ಸಣ್ಣ ಕೈಚಳಕ ಹಲಗೆಯಲ್ಲಿ ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಎಲ್ಲ ಹೊಂದಿತು. ಒಂದೇ ತೊಂದರೆ, ಅಜ್ಜಿ ಹಾಡಿದ ಸಾಲನ್ನು ಮರಳಿ ಹಾಡಿ ಸೊಲ್ಲು ಹಿಡಿಯುವ ನನ್ನ ದನಿ. ಹಲಗೆಯವರು ಕೇಳಿ ನೋಡಿ ಬಹಳ ಮರ್ಯಾದೆಯಿಂದ ಹೇಳಿದರು: "ಕಂಡಕ್ಟರ್ ಸಾಹೇಬ್ರ, ಬೇವಿನ ಗಿಡದ ಕೆಳಗ ನೆಳ್ಳು ಭಾಳ ಚಲೋ ಅದರಿ."

ಚೀಟಿ

ಕ್ಯಾಸೆಟ್ಟಿನ ಚೀಟಿಯಲ್ಲಿ ಹೆಸರು ಹಾಕಬೇಕು. ಹಲಗೆ, ಗಿಟಾರು, ಹೊಸ ಪದ ಕಟ್ಟಿದ ನಾನು, ಎಲ್ಲ ಬರೆದೆ. ಬೀಸುವ ಹಾಡು ಯಾರದ್ದು ಅಂತ ಅಜ್ಜಿಗೆ ಕೇಳಿದೆ.

"ನಮ್ಮವ್ವಂದು."

"ಅವರಿಗೆ ಯಾರು ಕಲಿಸಿದ್ರು?"

"ಅಕಿ ಅವ್ವ. ಅಕಿಗೆ ನೆರಿಮನಿ ದೊಡ್ಡವ್ವ. ಅಕಿಗೆ..." ಚೀಟಿ ತುಂಬಿತು. ಕೊನೆಗೆ 'ಜಾಲಹಳ್ಳಿಯ ತಾಯಂದಿರು' ಅಂತ ಬರೆದು ಓದಿ ಹೇಳಿದೆ. ಅಜ್ಜಿ ತಲೆಯಾಡಿಸಿ, "ಅದರಾಗ ನಮ್ಮತ್ತಿ ಬರಬಾರದು ನೋಡು. ನಾ ಹಾಡಿದ್ರ ಬಾಯಿ ಮುಚ್ಚು ಅಂತಿದ್ಳು" ಅಂದಳು.

ಮಾನವಿಯಲ್ಲಿ ಮೊದಲ ಸಲ

ಎರಡು ಡೆಕ್ಕು ಇದ್ದ ಅಂಗಡಿಯಲ್ಲಿ ಒಂದೊಂದೇ ನಕಲು ಮಾಡಿಸಿದೆವು. ಮೊದಲನೆಯದನ್ನು ಮಾನವಿ ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿಗೆ ಕೊಟ್ಟೆ. ನನ್ನದು ಅಂತ ಹೇಳಲಿಲ್ಲ. ಹೇಳಿದರೆ ಮುಖ ನೋಡಿ ಚಲೋ ಅದ ಅಂತಾರೆ ಅನ್ನುವ ಅಂಜಿಕೆ. ಚಹಾ ಹಿಡಿದು ಮೂಲೆಯಲ್ಲಿ ಕೂತೆ.

ಮಾಲೀಕ ಗುಂಡಿ ಒತ್ತಿದ. ಗುರ್ರ್... ಗುರ್ರ್... ಹಾಡಿಗೆ ಮೊದಲು ಕಲ್ಲು ಒಂದಷ್ಟು ಹೊತ್ತು ತಿರುಗಲಿ, ನಸುಕು ಕಾಣಲಿ ಅನ್ನುವುದು ನನ್ನ ಕಲ್ಪನೆ. ಮಾಲೀಕ ಓಡಿ ಬಂದು ಬಂದ್ ಮಾಡಿದ. "ಟೇಪ್ ಸಿಕ್ಕೊಂಡದ." ತೆಗೆದು ಪೆನ್ಸಿಲ್ಲು ತುರುಕಿ ಸುತ್ತಿ ಮತ್ತೆ ಹಾಕಿದ. ಗುರ್ರ್... ಮತ್ತೆ ತೆಗೆದ, ಹತ್ತಿಗೆ ಸ್ಪಿರಿಟ್ ಹಚ್ಚಿ ಒಳಗೆಲ್ಲ ಒರೆಸಿದ. ಗುರ್ರ್... ಮೂರನೇ ಸಲ ತೆಗೆದು ಕಸದ ಡಬ್ಬಿ ಕಡೆ ನೋಡಿದ. ನಾನು ಅರ್ಧ ಎದ್ದಿದ್ದೆ.

ಹಿರೇಕೊಟ್ನೆಕಲ್ ಊರಿಗೆ ಹೋಗಲು ಬಸ್ಸಿಗೆ ಕಾದಿದ್ದ ಹೆಣ್ಣುಮಗಳೊಬ್ಬಳು ಬಾಗಿಲಿನಿಂದ ಗದರಿದಳು. "ಲೇ, ಕೆಟ್ಟಿಲ್ಲೋ ಅದು! ಬೀಸಾಕತ್ತಾರ! ಹಚ್ಚು!"

ಮಾಲೀಕ ಹಚ್ಚಿದ. ಕಲ್ಲು ತಿರುಗಿತು, ಗಿಟಾರಿನ ಎರಡು ತಂತಿ ಮಿಡಿದವು, ಅಜ್ಜಿಯ ದನಿ ಬಂತು. ಆ ಹೆಣ್ಣುಮಗಳು ಒಳಗೆ ಬಂದು ಬುಟ್ಟಿ ಇಳಿಸಿದಳು. ಎರಡನೇ ಸಾಲಿಗೆ ತನ್ನೂರಿನ ಪದ ಹಾಕಿ ತಾನೂ ದನಿಗೂಡಿಸಿದಳು. ಜೊತೆಗಿದ್ದ ಇಬ್ಬರೂ ಸೇರಿದರು. ಹೋಟೆಲಿನಲ್ಲಿ ಕಪ್ಪು ಬಸಿಯ ಸದ್ದು ನಿಂತಿತು. ನನ್ನ ಕಣ್ಣು ತುಂಬಿತು, ಚಹಾ ಆರಿತು.

ಅಷ್ಟರಲ್ಲಿ ಹೊರಗಿನಿಂದ ನಮ್ಮ ಡ್ರೈವರು ಹಾರ್ನ್ ಮೇಲೆ ಹಾರ್ನ್. ಬಸ್ಸಿನ ಹೊತ್ತು ಮೀರಿತ್ತು. ಆ ಹೆಂಗಸರೆಲ್ಲ ನನ್ನ ಬಸ್ಸಿನವರೇ. ಕರ್ತವ್ಯ ಕರ್ತವ್ಯವೇ, ಕಣ್ಣು ಒರೆಸಿಕೊಂಡು ಎದ್ದು ನಿಂತು ಸೀಟಿ ಊದಿದೆ. ಒಬ್ಬರೂ ಏಳಲಿಲ್ಲ. ಇನ್ನೊಮ್ಮೆ ಊದಿದೆ.

ಆ ಹೆಣ್ಣುಮಗಳು ತಿರುಗಿ ನನ್ನನ್ನು ಕಾಲಿನಿಂದ ತಲೆತನಕ ನೋಡಿದಳು. "ಬಾಯಾಗಿಂದು ತಗೀಯಪ್ಪಾ ಕಂಡಕ್ಟರಾ! ದಿನಾ ಪೀಪೀ ಅನ್ನಾಂವಗ ಹಾಡು ಅಂದ್ರ ಏನು ತಿಳೀತದ?"