ಮಗಳ ಚಿತ್ರ, ಅಪ್ಪನ ಬಾಯಿ

ಮಕ್ಕಳ ಚಿತ್ರವನ್ನು ವರ್ಣಿಸುವುದರಲ್ಲಿ ನನ್ನನ್ನು ಮೀರಿಸುವ ಅಪ್ಪ ಇಡೀ ಪಿಂಪ್ರಿ-ಚಿಂಚವಾಡದಲ್ಲೇ ಇಲ್ಲ ಎಂದು ಕಳೆದ ವಾರದವರೆಗೂ ನಂಬಿದ್ದೆ. ಕಾರಣವೂ ಇತ್ತು. ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಗೇರ್ ಚಕ್ರದ ಮೇಲಿನ ಕೂದಲೆಳೆಯಷ್ಟು ಗೀರನ್ನೂ ಬಿಡದ ಹದ್ದಿನ ಕಣ್ಣು! ಅದರ ಮೇಲೆ, ಮಗಳು ನರ್ಮದಾಳ ಬಾಲವಾಡಿಯ ಟೀಚರ್ ಪಾಲಕರನ್ನೆಲ್ಲ ಪುಟ್ಟ ಕುರ್ಚಿಗಳಲ್ಲಿ ಕೂರಿಸಿ ಮರಾಠಿಯಲ್ಲಿ ಪಾಠ ಮಾಡಿದ್ದರು. ಚಿತ್ರಕ್ಕೆ ಚಂದ, ಕೆಟ್ಟದು ಎಂದು ಷರಾ ಹೊಡೆಯಬೇಡಿ. ಮೊದಲು ಏನೇನಿದೆ ಹೇಳಿ, ಆಮೇಲೆ ಬಣ್ಣ, ಆಮೇಲೆ ಕೈ ಎಷ್ಟು ಪಳಗಿದೆ ಅನ್ನುವುದು. ಕುರ್ಚಿಯಿಂದ ಏಳಲು ನನಗೆ ಇಬ್ಬರ ಸಹಾಯ ಬೇಕಾಯಿತು, ಆದರೆ ವಿದ್ಯೆ ಮಾತ್ರ ತಲೆಗೇರಿತ್ತು.

ಆ ವಾರ ಹೆಂಡತಿ ಶಿವಕಾಂತಾ ತಂಗಿಯ ಬಾಣಂತನಕ್ಕೆಂದು ಕುರಕುಂಭಕ್ಕೆ ಹೋಗಿದ್ದಳು. ಅವಳಿಗೆ ಒಂದೇ ಚಿಂತೆ. ನರ್ಮದಾ ಬಿಡಿಸುವ ಮನುಷ್ಯರಿಗೆ ತಲೆಯಿಂದಲೇ ನೇರವಾಗಿ ಕಾಲು ಹೊರಡುತ್ತಿದ್ದವು. ಹೊಟ್ಟೆಯಿಲ್ಲ, ಕೈಯಿಲ್ಲ. ನಾಲ್ಕು ವರ್ಷಕ್ಕೆ ಸರಿ, ಐದು ದಾಟಿತಲ್ಲ?

ನನ್ನ ಚಿಂತೆ ಬೇರೆ ಇತ್ತು. ಅವಳು ಹೋದ ಮರುದಿನವೇ ನಾನು ಬೇಳೆ ಬೇಯಿಸಿದೆ. ಕುಕ್ಕರಿನ ಉಗಿ ಇಳಿಯುವ ಮೊದಲೇ ಮುಚ್ಚಳದ ಮೇಲೆ ನನ್ನ ಗಂಡಸುತನ ತೋರಿಸಿದೆ. ಬೇಳೆ ಸಶರೀರವಾಗಿ ಸ್ವರ್ಗಾರೋಹಣ ಮಾಡಿತು! ಮೈ ಸುಡಲಿಲ್ಲ, ಪುಣ್ಯ. ಛಾವಣಿಯನ್ನು ಕಸಬರಿಗೆಯಿಂದ ಉಜ್ಜಿ, ಹಿಡಿಕೆ ಮುರಿದ ಕುಕ್ಕರನ್ನು ಹೆಂಡತಿಯ ಸೀರೆಯ ಟ್ರಂಕಿನಲ್ಲಿ ಹುಗಿದಿಟ್ಟೆ. ಅವಳು ಬರುವುದರೊಳಗೆ ಅಂಥದೇ ಹೊಸದು ತಂದಿಟ್ಟರಾಯಿತು!

ಮರುದಿನ ಸಂಜೆ ನರ್ಮದಾ ಹೊಸ ಚಿತ್ರ ತಂದು ಕೊಡುತ್ತಿದ್ದಂತೆಯೇ ಶಿವಕಾಂತಾಳ ಫೋನ್ ಬಂತು. ಅವಳ ಫೋನಿನ ಪರದೆ ಒಡೆದಿತ್ತು. ಮಾತು ಕೇಳುತ್ತಿತ್ತು, ಫೋಟೊ ಕಾಣುತ್ತಿರಲಿಲ್ಲ. ಹೊಸ ಚಿತ್ರ ಬಂದಿದೆ ಎಂದೆ.

"ಏನೇನ್ ತಗದಾಳ, ನೀವಽ ನೋಡಿ ಹೇಳ್ರಿ. ಮನುಷ್ಯಾಗ ಹೊಟ್ಟಿ ಅದ ಏನ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. "ಅದ! ಚೌಕ ಹೊಟ್ಟಿ, ನಾಲ್ಕೂ ಮೂಲಿ ಕೂಡ್ಯಾವ. ಕೈ ತಲಿಯಿಂದ ಅಲ್ಲ, ಭುಜದಿಂದ ಹೊರಟಾವ. ಒಂದು ಕೈಗೆ ಐದು ಬೆರಳು, ಇನ್ನೊಂದಕ್ಕ ಏಳು."

"ಏಳು ಇರಲಿ ಬಿಡ್ರಿ, ಬೆರಳು ಬಂದ್ವಲ್ಲಾ!" ಅವಳ ದನಿ ಒದ್ದೆಯಾಯಿತು. ನಾನು ಇನ್ನಷ್ಟು ಉಬ್ಬಿದೆ.

"ಮೊದಲು ಎಲ್ಲಾ ಗಾಳ್ಯಾಗ ತೇಲ್ತಿದ್ವು. ಈಗ ಕೆಳಗ ಒಂದು ಗೆರಿ ಎಳದು ಅದರ ಮ್ಯಾಲ ನಿಂದರಸ್ಯಾಳ. ಬಣ್ಣ ಗೆರಿ ದಾಟಿ ಭಾಳ ಹೊರಗ ಹೋಗಿಲ್ಲ. ಮಾರಿ ನೇರಳಿ ಬಣ್ಣ."

"ನೇರಳಿ?"

"ಈ ವಯಸ್ಸಿಗೆ ಬಣ್ಣ ಖರೇ ಇದ್ದಂಗ ಇರಬೇಕಂತಿಲ್ಲ, ಮನಸ್ಸಿಗೆ ಬಂದಿದ್ದು ಹಚ್ಚತಾರ. ಮ್ಯಾಲ ಹಳದಿ ಸೂರ್ಯ."

"ಮೂಲ್ಯಾಗ?"

"ನಟ್ಟನಡುವ. ಕಿರಣ ಇಲ್ಲ, ಹನಿ ಹನಿ ಅದ. ಮನುಷ್ಯಾನ ತಲಿ ಮ್ಯಾಲ ಬೀಳಾಕತ್ತಾವ. ಸೂರ್ಯನ ಮ್ಯಾಲ ಒಂದು ಬಿಳಿ ಪಟ್ಟಿ."

"ಪಟ್ಟಿಗೆ ಏನರ ತೂಗ್ಯಾಡಾಕತ್ತದ?"

"ಹೌದು, ಮೂರು ಎಸಳಿನ ಹೂವು."

"ಅದು ಫ್ಯಾನ್ ಅಲ್ಲೇನ್ರಿ?"

ಆಗಲಾದರೂ ನಿಲ್ಲಿಸಬೇಕಿತ್ತು. ಆದರೆ ವಿದ್ಯೆಗೆ ಬ್ರೇಕ್ ಇರುವುದಿಲ್ಲ! "ಅದಿರಲಿ, ಇನ್ನೊಂದು ಮಜಾ ಕೇಳು. ಮನುಷ್ಯಾಗಿಂತ ದೊಡ್ಡದೊಂದು ಹಸಿರು ಪೆಟ್ಟಿಗಿ, ಮ್ಯಾಲ ಕೆಂಪು ಹೂವು. ಮುಖ್ಯ ಅನಿಸಿದ್ದನ್ನ ಮಕ್ಕಳು ದೊಡ್ಡದಾಗಿ ತಗೀತಾರ. ಪೆಟ್ಟಿಗಿ ಮುಚ್ಚೇದ, ಆದ್ರೂ ಒಳಗಿನ ಸಾಮಾನು ಕಾಣಸತದ, ಎಕ್ಸ್-ರೇ ತಗದಂಗ! ಯಾಕಂದ್ರ ಮಕ್ಕಳು ಕಣ್ಣಿಗೆ ಕಂಡದ್ದಲ್ಲ, ತಮಗ ಗೊತ್ತಿದ್ದದ್ದು ತಗೀತಾರ!"

ಆ ಕಡೆ ಅವಳು ಕೂಸನ್ನು ತಂಗಿಯ ಕೈಗೆ ಕೊಟ್ಟದ್ದು ಕೇಳಿಸಿತು.

"ನನ್ನ ಟ್ರಂಕಿನಾಗ ಏನದ ಅಂತ ಆಕಿಗೆ ಗೊತ್ತದರೀ?"

ನನ್ನ ಹದ್ದಿನ ಕಣ್ಣು ಆಗ ತೆರೆಯಿತು. ಪೆಟ್ಟಿಗೆಯೊಳಗೆ ದುಂಡನೆಯ ಬೂದು ಪಾತ್ರೆ, ಅದರ ಪಕ್ಕದಲ್ಲಿ ತುಂಡಾಗಿ ಬಿದ್ದ ಕಪ್ಪು ಹಿಡಿಕೆ. ಎಷ್ಟು ಸ್ಪಷ್ಟ! ಎಂಥ ಪ್ರತಿಭೆ!

"ಶಿವಕಾಂತಾ, ಒಂದಽ ಚಿತ್ರ ನೋಡಿ ಕೂಸಿನ ಮನಸ್ಸಿನಾಗ ಏನದ ಅಂತ ಹೇಳಬಾರದಂತ ಟೀಚರ್..."

"ಕೂಸಿನ ಮನಸ್ಸು ಬ್ಯಾಡ್ರಿ. ಟ್ರಂಕ್ ತಗದು ನೋಡಿ ಹೇಳ್ರಿ. ಮೊದಲು ಏನೇನದ, ಆಮ್ಯಾಲ ಬಣ್ಣ!"

ತೆಗೆದೆ. ಏನೇನಿದೆ: ಒಂದು ಕುಕ್ಕರ್, ಒಂದು ಇಳಕಲ್ ಸೀರೆ. ಬಣ್ಣ: ಸೀರೆಯದು ನಿನ್ನೆಯವರೆಗೆ ಕಡುನೀಲಿ; ಈಗ ಸೆರಗಿನ ತುಂಬ ಅರಿಶಿನ ಬೇಳೆ. ಕುಕ್ಕರನ್ನು ತೊಳೆಯುವುದು ನನ್ನ ಯೋಜನೆಯಲ್ಲಿರಲಿಲ್ಲ.

"ನಾಳೆ ಮುಂಜಾನಿ ಗಾಡಿಗೆ ಬರ್ತೀನಿ," ಎಂದು ಫೋನ್ ಇಟ್ಟಳು.

ನಾನು ಮಗಳತ್ತ ತಿರುಗಿದೆ. "ಅವ್ವಗ ಹೇಳಬ್ಯಾಡ ಅಂತ ನಿನಗ ಚಾಕಲೇಟ್ ಕೊಟ್ಟಿದ್ನಲ್ಲಾ!"

ನರ್ಮದಾ ನೇರಳೆ ಬಣ್ಣದ ಕಡ್ಡಿಯನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು.

"ನಾ ಎಲ್ಲಿ ಹೇಳೀನಿ ಪಪ್ಪಾ? ನೀನಽ ಹೇಳಿದಿ!"